ಯಾರ ತಲೆಯೂ ತಗ್ಗದಂತೆ: ಬುಲ್ಲಿಯಿಂಗ್ ವಿರುದ್ಧ ವಿದ್ಯಾರ್ಥಿ ನಾಯಕಿಯ ಪ್ರಾರ್ಥನಾ ಸಭೆಯ ಭಾಷಣ (ಪದೇ ಪದೇ ಕೇಳುವ ಪ್ರಶ್ನೆಗಳು)

ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಶಿಕ್ಷಕಿ. ಪರಿಪಾಠವನ್ನು, ಎಂದರೆ ಬೆಳಗಿನ ಪ್ರಾರ್ಥನಾ ಸಭೆಯನ್ನು, ನಡೆಸಿಕೊಡುವ ಮಕ್ಕಳನ್ನು ಸಿದ್ಧಗೊಳಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಒಂದು ವರ್ಷ ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿ ನಾಯಕಿ ಬುಲ್ಲಿಯಿಂಗ್ ಕುರಿತು ಎರಡು ಸಲ ಮಾತನಾಡಿದಳು. ಮೊದಲನೆಯ ಭಾಷಣ ಒಬ್ಬ ಹುಡುಗನಿಗೆ ನೋವು ಮಾಡಿತು, ಎರಡನೆಯದು ಅವನಿಗೆ ನೆರವಾಯಿತು. ಮೊದಲನೆಯದನ್ನು ಓದಿ ಒಪ್ಪಿಗೆ ಕೊಟ್ಟವಳು ನಾನೇ ಆದುದರಿಂದ, ಆ ಎರಡು ಭಾಷಣಗಳ ನಡುವೆ ನಾವು ಏನನ್ನು ಬದಲಾಯಿಸಿದೆವು ಎಂಬುದನ್ನು ಇತರ ಶಾಲೆಗಳ ನಾಯಕರೂ ಶಿಕ್ಷಕರೂ ಪೋಷಕರೂ ನನ್ನನ್ನು ಕೇಳುತ್ತಿರುತ್ತಾರೆ. ಅವರ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ.

ಕೀಟಲೆ, ತಮಾಷೆ, ಬುಲ್ಲಿಯಿಂಗ್ ಇವುಗಳನ್ನು ಭಾಷಣದಲ್ಲಿ ಹೇಗೆ ಬೇರ್ಪಡಿಸಿ ಹೇಳಬೇಕು?

ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರು ಕೊಟ್ಟ ಮೂರು ಗುರುತುಗಳನ್ನು ಇಂದಿಗೂ ಹೆಚ್ಚಿನವರು ಬಳಸುತ್ತಾರೆ. ನೋಯಿಸಬೇಕೆಂದೇ ಮಾಡಿದ್ದು, ಮತ್ತೆ ಮತ್ತೆ ಮಾಡಿದ್ದು, ಮತ್ತು ಎದುರಿನವರಿಗೆ ತಿರುಗಿ ನಿಲ್ಲುವ ಬಲವಿಲ್ಲದಿರುವುದು. ಬಲವೆಂದರೆ ತೋಳಿನ ಬಲವೇ ಆಗಬೇಕಾಗಿಲ್ಲ. ನಾಲ್ವರ ಎದುರು ಒಬ್ಬನಿದ್ದರೆ, ಹಳಬರ ನಡುವೆ ಹೊಸಬನಿದ್ದರೆ, ಎಲ್ಲರೂ ಆಡುವ ಮಾತು ಒಂದು ಬಗೆಯದಾಗಿದ್ದು ಇವನೊಬ್ಬನ ಮಾತು ಇನ್ನೊಂದು ಬಗೆಯದಾಗಿದ್ದರೆ, ಅದೂ ಬಲದ ವ್ಯತ್ಯಾಸವೇ.

ಇದನ್ನು ಮಕ್ಕಳಿಗೆ ಹೇಳುವಾಗ ನಾವು ಕನ್ನಡದ ಎರಡು ಪದಗಳನ್ನು ಹಿಡಿದುಕೊಂಡೆವು, ಕೀಟಲೆ ಮತ್ತು ಕಾಟ. ಕೀಟಲೆಯಲ್ಲಿ ಇಬ್ಬರೂ ನಗುತ್ತಾರೆ, ನಾಳೆ ಪಾತ್ರಗಳು ಅದಲುಬದಲಾಗುತ್ತವೆ, ಒಬ್ಬರು ಸಾಕು ಎಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ಕಾಟದಲ್ಲಿ ನಗುವವರು ಯಾವಾಗಲೂ ಅವರೇ, ನೋಯುವವನು ಯಾವಾಗಲೂ ಅವನೇ. ‘ಇದು ಬರೀ ಮಸ್ತಿ ಟೀಚರ್’ ಎಂದು ಹೇಳುವ ಹುಡುಗನಿಗೆ ‘ಅವನು ನಿನಗೆ ಹೀಗೆಯೇ ಮಸ್ತಿ ಮಾಡಿದ್ದು ಯಾವಾಗ?’ ಎಂದು ಒಂದು ಪ್ರಶ್ನೆ ಕೇಳಿದರೆ, ಉಪನ್ಯಾಸಕ್ಕಿಂತ ಬೇಗ ಅವನಿಗೆ ಅರ್ಥವಾಗುತ್ತದೆ.

ಭಾಷಣದಲ್ಲಿ ಹೆಸರು ಹೇಳದಿದ್ದರೆ ಸಾಕಲ್ಲವೇ? ಯಾರಿಗೂ ಅವಮಾನವಾಗುವುದಿಲ್ಲವಲ್ಲ?

ಸಾಲದು. ನಾವು ಎಡವಿದ್ದೇ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ವರ್ಷ ಜೂನ್ ಕಳೆದ ಮೇಲೆ ಏಳನೆಯ ತರಗತಿಗೆ ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ಒಬ್ಬ ಹುಡುಗ ಬಂದು ಸೇರಿದ. ಅವನ ತಂದೆ ಕಟ್ಟಡದ ಕೆಲಸಕ್ಕೆಂದು ಸಂಸಾರ ಸಮೇತ ಮುಂಬಯಿಗೆ ಬಂದಿದ್ದರು. ನಮ್ಮ ಶಾಲೆಯಲ್ಲಿ ಹೆಚ್ಚಿನ ಮಕ್ಕಳು ಉಡುಪಿ, ದಕ್ಷಿಣ ಕನ್ನಡ ಮೂಲದವರು. ಮನೆಯಲ್ಲಿ ತುಳುವನ್ನೂ ಬೀದಿಯಲ್ಲಿ ಹಿಂದಿ, ಮರಾಠಿಗಳನ್ನೂ ಆಡುವ ಅವರ ಕನ್ನಡ ಬಹುಮಟ್ಟಿಗೆ ಪುಸ್ತಕದ ಕನ್ನಡ. ಈ ಹುಡುಗ ಹಾಜರಿ ಕರೆದಾಗ ‘ಬಂದೀನ್ರಿ’ ಎಂದ. ಅಂದಿನಿಂದ ಅವನ ಹೆಸರೇ ‘ಬಂದೀನ್ರಿ’ ಎಂದಾಯಿತು. ಮೂವರು ಹುಡುಗರು ಬಿಡುವಿನಲ್ಲಿ ಅವನ ಹಿಂದೆ ನಡೆಯುತ್ತ, ರಾಗವಾಗಿ ಎಳೆದು ಅದನ್ನೇ ಹೇಳುತ್ತಿದ್ದರು. ಅವನು ಡಬ್ಬಿ ತೆರೆದು ಜೋಳದ ರೊಟ್ಟಿಯನ್ನು ಮುರಿದಾಗ ಆ ಸದ್ದನ್ನೂ ಬಾಯಿಂದ ಹೊರಡಿಸುತ್ತಿದ್ದರು. ಸುತ್ತ ಕುಳಿತ ಹದಿನೈದು ಇಪ್ಪತ್ತು ಮಕ್ಕಳು ನಗುತ್ತಿದ್ದರು. ಅವನು ಡಬ್ಬಿ ತರುವುದನ್ನೇ ಬಿಟ್ಟ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದಾದ.

ಇದನ್ನು ಕಂಡ ನಮ್ಮ ವಿದ್ಯಾರ್ಥಿ ನಾಯಕಿಗೆ ಸಿಟ್ಟು ಬಂದಿತು, ಅದು ಬರಬೇಕಾದ ಸಿಟ್ಟೇ. ಮರುದಿನವೇ ಅವಳು ಪರಿಪಾಠದಲ್ಲಿ ಮಾತನಾಡಿದಳು. ಯಾರ ಹೆಸರನ್ನೂ ಹೇಳಲಿಲ್ಲ. ಅವಳ ವಾಕ್ಯಗಳು ಹೀಗಿದ್ದವು: ‘ನಮ್ಮ ಶಾಲೆಯಲ್ಲಿ ಕೆಲವು ಹುಡುಗರು ಹೊಸದಾಗಿ ಬಂದವರ ಮಾತನ್ನು ಅಣಕಿಸುತ್ತಿದ್ದಾರೆ. ಇಂಥವರು ನಮ್ಮ ಶಾಲೆಗೆ ಕಳಂಕ. ಪಾಪ, ಅವನು ಊರು ಬಿಟ್ಟು ಬಂದಿದ್ದಾನೆ. ಅವನ ಕಷ್ಟ ಅರ್ಥವಾಗದ ಇಂಥ ಕ್ರೂರಿಗಳಿಗೆ ನಾಚಿಕೆಯಾಗಬೇಕು.’

ಎರಡನೆಯ ವಾಕ್ಯ ಮುಗಿಯುವುದರೊಳಗೆ ಅಂಗಳದಲ್ಲಿದ್ದ ಎಲ್ಲ ಸಾಲುಗಳೂ ಏಳನೆಯ ತರಗತಿಯ ಸಾಲಿನತ್ತ ಕತ್ತು ತಿರುಗಿಸಿದವು. ಭಾಷಣ ಮಾಡುತ್ತಿದ್ದವಳ ಕಣ್ಣೂ ತನಗರಿವಿಲ್ಲದೆ ಅತ್ತಲೇ ಹೋಗಿತ್ತು. ಮೂವರು ಹುಡುಗರು ಮುಖ ಬಿಗಿದು ನಿಂತರು. ನಾಲ್ಕನೆಯವನು, ಯಾರಿಗಾಗಿ ಈ ಮಾತೆಲ್ಲ ಬಂದಿತೋ ಅವನು, ತಲೆ ತಗ್ಗಿಸಿದ. ಅಲ್ಲಿಯವರೆಗೆ ಅವನ ಕಷ್ಟ ಒಂದು ತರಗತಿಗೆ ಗೊತ್ತಿತ್ತು, ಆ ಬೆಳಿಗ್ಗೆ ಇಡೀ ಶಾಲೆಗೆ ಗೊತ್ತಾಯಿತು. ‘ಪಾಪ’ ಎಂಬ ಪದವಂತೂ ಅಡ್ಡಹೆಸರಿಗಿಂತ ಗಟ್ಟಿಯಾಗಿ ಅವನಿಗೆ ಅಂಟಿಕೊಂಡಿತು. ಆ ವಾರ ಕಾಟ ಅಂಗಳದಿಂದ ಶೌಚಾಲಯದ ಹಿಂಬದಿಗೆ ಸರಿಯಿತು, ಈಗ ಅದರಲ್ಲಿ ಸೇಡೂ ಸೇರಿಕೊಂಡಿತ್ತು.

ಹಾಗಾದರೆ ಒಂದು ವಾಕ್ಯ ಯಾರನ್ನಾದರೂ ಗುರುತಿಸುತ್ತದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ನಾವು ಈಗ ಇದನ್ನು ಕತ್ತು ತಿರುಗುವ ಪರೀಕ್ಷೆ ಎಂದು ಕರೆಯುತ್ತೇವೆ. ಭಾಷಣದ ಕರಡನ್ನು ಬೇರೆ ಬೇರೆ ತರಗತಿಗಳ ಇಬ್ಬರು ಮಕ್ಕಳಿಗೆ ಬಿಡಿಬಿಡಿಯಾಗಿ ಓದಿ ಹೇಳಿ, ‘ಇದು ಯಾರ ವಿಷಯ ಅನ್ನಿಸಿತು?’ ಎಂದು ಕೇಳುತ್ತೇವೆ. ಅವರು ಒಂದು ಹೆಸರು ಹೇಳಿದರೆ, ಅಥವಾ ಒಂದು ತರಗತಿಯನ್ನು ಹೇಳಿದರೂ ಸಾಕು, ಆ ವಾಕ್ಯ ಹೋಗಬೇಕು. ಹೆಸರಿಗಿಂತ ಹೆಚ್ಚು ಗುರುತು ಬಿಟ್ಟುಕೊಡುವುದು ವಿವರ. ‘ಹೊಸದಾಗಿ ಬಂದವರು’ ಎಂಬುದು ಒಬ್ಬನೇ ಹೊಸಬನಿರುವ ಶಾಲೆಯಲ್ಲಿ ಹೆಸರೇ ಸರಿ. ‘ಹುಡುಗರು’ ಎಂಬ ಪದ ಅರ್ಧ ಶಾಲೆಯನ್ನು ಬದಿಗೆ ಸರಿಸುತ್ತದೆ, ‘ಮಾತನ್ನು ಅಣಕಿಸುತ್ತಿದ್ದಾರೆ’ ಎಂಬುದು ಉಳಿದ ಅರ್ಧವನ್ನು ಸರಿಸುತ್ತದೆ.

ವಿವರವನ್ನು ಬಿಟ್ಟಷ್ಟೇ ಮುಖ್ಯವಾದದ್ದು ದಿನವನ್ನು ಬಿಡುವುದು. ಘಟನೆಯ ಮರುದಿನ ಮಾಡಿದ ಭಾಷಣ ಎಷ್ಟೇ ಸಾಮಾನ್ಯವಾಗಿದ್ದರೂ ಕೇಳುವವರು ಅದನ್ನು ಆ ಘಟನೆಗೇ ಜೋಡಿಸಿಕೊಳ್ಳುತ್ತಾರೆ. ನಾವು ಎರಡನೆಯ ಭಾಷಣಕ್ಕೆ ಮೂರು ವಾರ ಕಾದೆವು. ಕಾದೆವು ಎಂದರೆ ಸುಮ್ಮನೆ ಕುಳಿತೆವು ಎಂದಲ್ಲ, ಆ ಮೂರು ವಾರಗಳಲ್ಲಿ ಬೇರೆ ಕೆಲಸ ನಡೆಯಿತು. ಅದನ್ನು ಮುಂದೆ ಹೇಳುತ್ತೇನೆ.

ತಪ್ಪು ಮಾಡಿದವರಿಗೆ ನಾಚಿಕೆಯಾದರೆ ಒಳ್ಳೆಯದೇ ಅಲ್ಲವೇ? ಅವರನ್ನು ಏಕೆ ರಕ್ಷಿಸಬೇಕು?

ಪೋಷಕರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಮತ್ತು ಇದರಲ್ಲಿರುವ ನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ತನ್ನಿಂದ ಒಬ್ಬನಿಗೆ ನೋವಾಯಿತು ಎಂದು ಒಳಗೊಳಗೇ ನಾಚುವುದಕ್ಕೂ ನೂರಾರು ಜನರ ಎದುರು ಅವಮಾನಕ್ಕೆ ಗುರಿಯಾಗುವುದಕ್ಕೂ ವ್ಯತ್ಯಾಸವಿದೆ. ಆಸ್ಟ್ರೇಲಿಯದ ಅಪರಾಧಶಾಸ್ತ್ರಜ್ಞ ಜಾನ್ ಬ್ರೈತ್‌ವೇಟ್ ಅವರು 1989ರಲ್ಲಿ ಇದೇ ವ್ಯತ್ಯಾಸವನ್ನು ಮುಂದಿಟ್ಟರು. ಕೃತ್ಯವನ್ನು ಖಂಡಿಸಿ ವ್ಯಕ್ತಿಯನ್ನು ಮರಳಿ ಒಳಗೆ ಸೇರಿಸಿಕೊಳ್ಳುವ ಬಗೆ ಒಂದು, ವ್ಯಕ್ತಿಗೇ ಹಣೆಪಟ್ಟಿ ಕಟ್ಟಿ ಹೊರಗೆ ನಿಲ್ಲಿಸುವ ಬಗೆ ಇನ್ನೊಂದು. ಎರಡನೆಯದು ಆ ವ್ಯಕ್ತಿಯನ್ನು ತನ್ನಂತೆಯೇ ಹೊರಗೆ ನಿಂತವರ ಗುಂಪಿಗೆ ತಳ್ಳುತ್ತದೆ ಎಂಬುದು ಅವರ ವಾದ.

ನಮ್ಮ ಅಂಗಳದಲ್ಲಿ ಆದದ್ದೂ ಅದೇ. ‘ಕ್ರೂರಿಗಳು’ ಎಂಬ ಪದ ಕೇಳಿದ ಮೇಲೆ ಆ ಮೂವರಿಗೆ ತಾವು ಮಾಡಿದ್ದೇನು ಎಂದು ಯೋಚಿಸುವ ಅವಕಾಶ ಉಳಿಯಲಿಲ್ಲ, ತಾವು ಕ್ರೂರಿಗಳಲ್ಲ ಎಂದು ಸಾಧಿಸುವ ಕೆಲಸವೇ ಉಳಿಯಿತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಅದಕ್ಕಿರುವ ಸುಲಭ ದಾರಿ ‘ಅವನೇ ಚಾಡಿ ಹೇಳಿದ್ದಾನೆ’ ಎಂದು ಬೆರಳು ತೋರಿಸುವುದು. ಅವಮಾನಗೊಂಡವನ ಕೋಪ ಅವಮಾನ ಮಾಡಿದವರ ಮೇಲೆ ತಿರುಗುವುದು ಅಪರೂಪ, ಅದು ತನಗಿಂತ ಕೆಳಗಿರುವವನ ಮೇಲೆ ಇಳಿಯುತ್ತದೆ. ತಪ್ಪು ಮಾಡಿದವರನ್ನು ಮೂದಲಿಸಬಾರದು ಎಂದು ನಾನು ಹೇಳುವುದು ಮುಖ್ಯವಾಗಿ ನೊಂದವನ ಹಿತಕ್ಕಾಗಿ.

ಹಾಗಿದ್ದರೆ ಆ ಮೂವರಿಗೆ ಯಾರೂ ಏನೂ ಹೇಳಬಾರದೇ?

ಹೇಳಬೇಕು, ಆದರೆ ಭಾಷಣದಲ್ಲಿ ಹೇಳಬಾರದು. ಅದು ದೊಡ್ಡವರು ಮಾಡಬೇಕಾದ ಕೆಲಸ, ಮತ್ತು ಭಾಷಣಕ್ಕೆ ಮೊದಲೇ ಆಗಬೇಕಾದ ಕೆಲಸ. ಸ್ವೀಡನ್ನಿನ ಅನಾತೊಲ್ ಪಿಕಾಸ್ ಎಂಬವರು ರೂಪಿಸಿದ ಒಂದು ವಿಧಾನವಿದೆ. ಅದರಲ್ಲಿ ಕಾಟ ಕೊಡುವ ಗುಂಪಿನ ಪ್ರತಿಯೊಬ್ಬನನ್ನೂ ಬೇರೆ ಬೇರೆಯಾಗಿ ಕರೆದು, ಆರೋಪದಿಂದ ಆರಂಭಿಸದೆ, ‘ಇಂಥವನಿಗೆ ಇತ್ತೀಚೆಗೆ ಶಾಲೆ ಕಷ್ಟವಾಗಿದೆ ಎಂದು ನನಗೆ ಚಿಂತೆಯಾಗಿದೆ, ನಿನಗೇನಾದರೂ ಕಂಡಿದೆಯೇ?’ ಎಂದು ಕೇಳುತ್ತಾರೆ. ಕಂಡಿದೆ ಎಂದು ಒಪ್ಪಿದ ಮೇಲೆ ‘ಸುಧಾರಿಸಲು ನೀನು ಏನು ಮಾಡಬಲ್ಲೆ?’ ಎಂದು ಅವನಿಂದಲೇ ಹೇಳಿಸುತ್ತಾರೆ.

ನಮ್ಮ ಏಳನೆಯ ತರಗತಿಯ ಶಿಕ್ಷಕರು ಮೂವರನ್ನೂ ಒಂದೇ ಮಧ್ಯಾಹ್ನ, ಒಬ್ಬರಾದ ಮೇಲೆ ಒಬ್ಬರಂತೆ, ನಡುವೆ ಮಾತನಾಡಿಕೊಳ್ಳಲು ಬಿಡುವು ಸಿಗದಂತೆ ಕರೆದರು. ಒಟ್ಟಿಗೆ ಕರೆದಿದ್ದರೆ ಮೂವರೂ ಒಬ್ಬರೆದುರು ಒಬ್ಬರು ಗಟ್ಟಿಗರಾಗಿ ನಿಲ್ಲುತ್ತಿದ್ದರು. ಬಿಡಿಯಾಗಿ ಬಂದಾಗ ಒಬ್ಬ ತಾನಾಗಿಯೇ ‘ನನಗೂ ಅದು ಇಷ್ಟವಿಲ್ಲ ಸರ್, ಆದರೆ ನಾನು ನಿಲ್ಲಿಸಿದರೆ ಅವರು ನನಗೆ ಶುರು ಮಾಡುತ್ತಾರೆ’ ಎಂದ. ಈ ಒಂದು ಮಾತು ಎರಡನೆಯ ಭಾಷಣಕ್ಕೆ ದಾರಿ ತೋರಿಸಿತು.

ಭಾಷಣ ಯಾರನ್ನು ಉದ್ದೇಶಿಸಿ ಇರಬೇಕು?

ನೋಡುತ್ತ ನಿಂತವರನ್ನು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬುಲ್ಲಿಯಿಂಗ್ ಇಬ್ಬರ ನಡುವಿನ ವ್ಯವಹಾರವಲ್ಲ, ಇಡೀ ತರಗತಿಗೆ ಅದರಲ್ಲಿ ಪಾತ್ರವಿದೆ ಎಂದು ತೋರಿಸಿತು. ಆರಂಭಿಸುವವರು, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ನೊಂದವರ ಪರ ನಿಲ್ಲುವವರು ಎಂದು ಬೇರೆ ಬೇರೆ ಮಕ್ಕಳಿರುತ್ತಾರೆ. ಕೆನಡಾದ ಟೊರಾಂಟೊದ ಶಾಲಾ ಮೈದಾನಗಳನ್ನು ಕ್ಯಾಮೆರಾದಲ್ಲಿ ದಾಖಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 100ಕ್ಕೆ 88 ಪ್ರಸಂಗಗಳಲ್ಲಿ ಇತರ ಮಕ್ಕಳು ಅಲ್ಲಿದ್ದರು, 19ರಲ್ಲಿ ಮಾತ್ರ ಯಾರಾದರೂ ನಡುವೆ ಬಂದರು. ಹಾಗೆ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಅದು 10 ಸೆಕೆಂಡಿನೊಳಗೆ ನಿಂತಿತು.

ಭಾಷಣ ಬರೆಯುವವರಿಗೆ ಇದರಿಂದ ಒಂದು ಅನುಕೂಲವೂ ಇದೆ. ನೋಡುತ್ತ ನಿಂತವರು ಅಂಗಳದಲ್ಲಿ ನೂರಾರು ಜನ, ಅವರೊಂದಿಗೆ ಮಾತನಾಡಿದರೆ ಯಾರ ಕತ್ತೂ ಯಾರತ್ತಲೂ ತಿರುಗುವುದಿಲ್ಲ. ಆ ಮೂವರೂ ಬೇರೆಲ್ಲೋ ಒಂದು ದಿನ ನೋಡುತ್ತ ನಿಂತವರೇ ಆದುದರಿಂದ, ಅವರಿಗೂ ಅದರಲ್ಲಿ ಒಂದು ಗೌರವದ ಜಾಗ ಸಿಗುತ್ತದೆ.

ಎರಡನೆಯ ಭಾಷಣ ಹೇಗಿತ್ತು?

ವಿದ್ಯಾರ್ಥಿನಿಯ ಒಪ್ಪಿಗೆಯಿಂದ ಅದನ್ನು ಇಡಿಯಾಗಿ ಇಲ್ಲಿ ಕೊಡುತ್ತಿದ್ದೇನೆ.

> ಗುರುಗಳಿಗೆ ವಂದನೆಗಳು. ಗೆಳೆಯ ಗೆಳತಿಯರಿಗೆ ನಮಸ್ಕಾರ.
>
> ನಾನು ಈ ಶಾಲೆಗೆ ಬರುವ ಮೊದಲು, ನಾವು ಬೇರೆ ಊರಿನಲ್ಲಿದ್ದಾಗ, ದಿನವೂ ರಿಕ್ಷಾದಲ್ಲಿ ಶಾಲೆಗೆ ಹೋಗುತ್ತಿದ್ದೆ. ನಾವು ಏಳು ಮಂದಿ ಇದ್ದೆವು. ಒಬ್ಬಳಿಗೆ ಉಳಿದವರೆಲ್ಲ ಸೇರಿ ಒಂದು ಹೆಸರು ಇಟ್ಟಿದ್ದರು. ಆ ಹೆಸರು ಇಟ್ಟವಳು ನಾನಲ್ಲ, ಅದನ್ನು ಕೂಗಿದವಳೂ ನಾನಲ್ಲ. ಕೂಗಿದಾಗ ನಾನು ನಗುತ್ತಿದ್ದೆ, ಅಷ್ಟೇ. ದೀಪಾವಳಿ ರಜೆ ಮುಗಿದ ಮೇಲೆ ಅವಳು ರಿಕ್ಷಾಕ್ಕೆ ಬರಲಿಲ್ಲ. ಅಮ್ಮನ ಕೈ ಹಿಡಿದು ನಡೆದು ಬರತೊಡಗಿದಳು. ಏಕೆ ಎಂದು ನಾವು ಯಾರೂ ಕೇಳಲಿಲ್ಲ. ನಮಗೆ ಗೊತ್ತಿತ್ತು.
>
> ಬಹಳ ದಿನಗಳವರೆಗೆ ನಾನು ಏನೂ ಮಾಡಲಿಲ್ಲ ಎಂದೇ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಹೆಸರು ಕೂಗಿದವರು ಅವಳ ಮುಖ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ನಾವು ನಗುತ್ತೇವೆಯೇ ಎಂದು ನೋಡುತ್ತಿದ್ದರು. ಒಂದು ದಿನ ನಾವು ನಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.
>
> ನಡುವೆ ಹೋದರೆ ನಾಳೆ ನಮಗೇ ಶುರುವಾಗುತ್ತದೆ ಎಂಬ ಭಯ ನನಗಿತ್ತು. ನಿಮಗೂ ಇರಬಹುದು. ಆದ್ದರಿಂದ ಜಗಳಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ನಗದೇ ಇರಿ. ಆಗುವುದಾದರೆ ಅವರ ಹತ್ತಿರ ಹೋಗಿ, ‘ಬಾ, ನೀರು ಕುಡಿದು ಬರೋಣ’ ಎಂದು ಕರೆದುಕೊಂಡು ಬನ್ನಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಇಬ್ಬರು ಹೋಗಿ. ಅದೂ ಆಗದಿದ್ದರೆ ಆ ದಿನವೇ ನಿಮಗೆ ಹತ್ತಿರವಾದ ಒಬ್ಬ ಟೀಚರಿಗೆ ಹೇಳಿ. ಒಬ್ಬರನ್ನು ಸಿಕ್ಕಿಸಲು ಹೇಳಿದರೆ ಅದು ಚಾಡಿ, ಒಬ್ಬರನ್ನು ಬಿಡಿಸಲು ಹೇಳಿದರೆ ಅದು ಸಹಾಯ.
>
> ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗುತ್ತಿದ್ದರೆ, ಅದು ನಿಮ್ಮ ತಪ್ಪಿನಿಂದ ಆಗುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ, ನಿಲ್ಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ, ಇವತ್ತಿನ ಬಿಡುವಿನಲ್ಲೇ ನಿಲ್ಲಿಸಬಹುದು. ಆ ರಿಕ್ಷಾದ ಗೆಳತಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೆ ಹೇಳಬೇಕಾದ ಮಾತನ್ನು ನಿಮಗೆ ಹೇಳಿದ್ದೇನೆ. ಧನ್ಯವಾದಗಳು.

ಈ ಭಾಷಣದ ಕರಡಿನಿಂದ ಏನೇನನ್ನು ತೆಗೆದುಹಾಕಿದಿರಿ?

ಕೃತ್ಯದ ಬದಲು ವ್ಯಕ್ತಿಯನ್ನು ಹೆಸರಿಸುವ ಪದಗಳೆಲ್ಲ ಮೊದಲು ಹೋದವು. ಕ್ರೂರಿಗಳು, ಹೇಡಿಗಳು, ‘ಇಂಥವರು’. ಜೊತೆಗೆ ‘ಬಲಿಪಶು’ ಎಂಬುದೂ ಹೋಯಿತು, ಏಕೆಂದರೆ ಅದೂ ಒಂದು ಹಣೆಪಟ್ಟಿ. ಭಾಷಣದಲ್ಲಿ ಬುಲ್ಲಿಯಿಂಗ್ ಎಂಬ ಪದವೇ ಒಮ್ಮೆಯೂ ಬಂದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಆ ಪದ ಬಂದರೆ ಮಕ್ಕಳು ತಮ್ಮನ್ನು ಅದರಿಂದ ಹೊರಗಿಟ್ಟುಕೊಂಡು ಕೇಳುತ್ತಾರೆ. ಅಡ್ಡಹೆಸರು, ನಗು, ರಿಕ್ಷಾ ಎಂದರೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

‘ಹಳೆಯದನ್ನು ಯಾರೂ ಕೇಳುವುದಿಲ್ಲ, ಇಂದಿನಿಂದ ಬಿಟ್ಟರೆ ಸಾಕು’ ಎಂಬ ವಾಕ್ಯವನ್ನು ಅವಳು ತುಂಬ ಇಷ್ಟಪಟ್ಟು ಬರೆದಿದ್ದಳು. ಅದನ್ನು ತೆಗೆಯುವಂತೆ ನಾನು ಹೇಳಬೇಕಾಯಿತು. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರ ವಿದ್ಯಾರ್ಥಿ ನಾಯಕಿಗೆ ಇಲ್ಲ. ನಿಂತ ಸಾಲಿನಲ್ಲಿ ಯಾರಿಗೋ ಗಂಭೀರವಾದ ಅನ್ಯಾಯ ಆಗಿದ್ದರೆ, ‘ಹಳೆಯದನ್ನು ಕೇಳುವುದಿಲ್ಲ’ ಎಂಬ ಮಾತು ಅವರ ಬಾಯಿ ಮುಚ್ಚಿಸುತ್ತದೆ.

ನೊಂದ ವಿದ್ಯಾರ್ಥಿಗೆ ಮೊದಲೇ ತಿಳಿಸಬೇಕೇ? ಅವನನ್ನೇ ವೇದಿಕೆಗೆ ಕರೆಯಬಹುದೇ?

ತಿಳಿಸಲೇಬೇಕು, ಕರೆಯಲೇಬಾರದು. ನಮ್ಮ ತರಗತಿ ಶಿಕ್ಷಕರು ಆ ಹುಡುಗನಿಗೆ ಕರಡನ್ನು ಓದಿ ತೋರಿಸಿ, ಬೇಡವೆಂದರೆ ಭಾಷಣ ನಡೆಯುವುದಿಲ್ಲ ಎಂದು ಹೇಳಿದ್ದರು. ಅವನು ಕೇಳಿದ್ದು ಒಂದೇ, ‘ನನ್ನ ಊರಿನ ವಿಷಯ ಬರಂಗಿಲ್ಲಲ್ರಿ ಸರ?’ ಬರುವುದಿಲ್ಲ ಎಂದ ಮೇಲೆ ಒಪ್ಪಿದ.

ನಾಯಕಿ ತನ್ನ ಹಿಂದಿನ ತಪ್ಪನ್ನು ಎಲ್ಲರೆದುರು ಹೇಳಿಕೊಳ್ಳುವುದು ಸರಿಯೇ?

ಅವಳೇ ಬಯಸಿದರೆ ಮಾತ್ರ. ಶಿಕ್ಷಕರು ಅದನ್ನು ಕೇಳಿ ಹೇಳಿಸಬಾರದು, ಹಾಗೆ ಹೇಳಿಸಿದರೆ ಅವಳಿಗೂ ಅದು ಅವಮಾನವೇ. ನಮ್ಮ ನಾಯಕಿ ಮೊದಲ ಭಾಷಣದ ನಂತರ ತಾನಾಗಿ ಬಂದು ಈ ರಿಕ್ಷಾದ ವಿಷಯ ಹೇಳಿದಳು. ಆದರೂ ನಾನು ಅವಳ ತಾಯಿಗೆ ಫೋನ್ ಮಾಡಿ ಕೇಳಿದೆ, ಅವಳಿಗೆ ಒಂದು ರಾತ್ರಿ ಯೋಚಿಸಲು ಬಿಟ್ಟೆ. ಉದಾಹರಣೆ ಬೇರೆ ಊರಿನದು, ಅಂಗಳದಲ್ಲಿ ಆ ಗೆಳತಿಯನ್ನು ಬಲ್ಲವರು ಯಾರೂ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಉಳಿಸಿದೆವು. ನಾಯಕಿಗೆ ಇಂಥ ನೆನಪು ಇಲ್ಲದಿದ್ದರೆ ಕಟ್ಟಿ ಹೇಳುವುದು ಬೇಡ. ‘ನಗು ಬಂದಾಗ ನಿಲ್ಲಿಸಿಕೊಳ್ಳುವುದು ನನಗೂ ಕಷ್ಟ’ ಎಂಬ ಒಂದು ನಿಜವಾದ ವಾಕ್ಯ ಸಾಕಾಗುತ್ತದೆ.

ಎಷ್ಟು ಹೊತ್ತು ಮಾತನಾಡಬೇಕು? ಪರಿಪಾಠದಲ್ಲಿ ಎಲ್ಲಿ ಸೇರಿಸಬೇಕು?

ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ರಾಷ್ಟ್ರಗೀತೆ, ರಾಜ್ಯಗೀತೆ, ಪ್ರತಿಜ್ಞೆ, ಪ್ರಾರ್ಥನೆ, ಸುವಿಚಾರ, ದಿನವಿಶೇಷ ಎಲ್ಲ ಆಗುವಷ್ಟರಲ್ಲಿ ಚಿಕ್ಕ ಮಕ್ಕಳು ಕಾಲು ಬದಲಾಯಿಸತೊಡಗಿರುತ್ತಾರೆ. ನಾವು ಆ ದಿನ ಬೋಧಕಥೆಯನ್ನು ಕೈಬಿಟ್ಟು ಅದೇ ಜಾಗದಲ್ಲಿ ಭಾಷಣವನ್ನಿಟ್ಟೆವು. ಅದರ ನಂತರ ಮೌನದ ಒಂದು ನಿಮಿಷ ಹೇಗೂ ಇತ್ತು. ಭಾಷಣದ ಹಿಂದೆಯೇ ಮುಖ್ಯೋಪಾಧ್ಯಾಯರು ಮೈಕ್ ತೆಗೆದುಕೊಂಡು ‘ಕೇಳಿದಿರಲ್ಲ, ಇನ್ನು ಮುಂದೆ ಯಾರಾದರೂ...’ ಎಂದು ಎಚ್ಚರಿಕೆ ಕೊಟ್ಟರೆ ಅಷ್ಟೂ ಕೆಲಸ ಹಾಳಾಗುತ್ತದೆ. ಹಾಗೆ ಮಾಡದಂತೆ ಮೊದಲೇ ಕೇಳಿಕೊಳ್ಳಬೇಕು. ಮಾತನಾಡುವಾಗ ಕಣ್ಣು ಎಲ್ಲಿರಬೇಕು ಎಂಬುದನ್ನೂ ಅಭ್ಯಾಸ ಮಾಡಿಸಬೇಕು. ನಮ್ಮ ನಾಯಕಿಗೆ ಸಾಲುಗಳ ಹಿಂದಿರುವ ಗೋಡೆಯ ಗಡಿಯಾರವನ್ನು ಗುರಿಯಾಗಿ ಕೊಟ್ಟಿದ್ದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಮುಂಬಯಿಯ ಕನ್ನಡ ಶಾಲೆಯ ಐದನೆಯ ತರಗತಿಯ ಮಗುವಿಗೆ ‘ದೌರ್ಜನ್ಯ’, ‘ಶೋಷಣೆ’, ‘ಸಹಾನುಭೂತಿ’ ಇವು ಪಾಠದ ಪದಗಳು, ಅದರ ಬದುಕಿನ ಪದಗಳಲ್ಲ. ಮನೆಯಲ್ಲಿ ಆಡುವ ಮಾತು ತುಳುವಾಗಲಿ ಕೊಂಕಣಿಯಾಗಲಿ ಕಲಬುರಗಿಯ ಕನ್ನಡವಾಗಲಿ, ಎಲ್ಲರಿಗೂ ತಿಳಿಯುವ ಸಣ್ಣ ಪದಗಳಲ್ಲೇ ಬರೆಯುವುದು ಮೇಲು.

ಭಾಷಣ ಸಾಲದ ಸಂದರ್ಭಗಳು ಯಾವುವು?

ಹೊಡೆತ, ಹಣ ಕೀಳುವುದು, ಫೋಟೋ ಅಥವಾ ವಿಡಿಯೋ ಹರಡುವ ಬೆದರಿಕೆ, ಜಾತಿಯ ನಿಂದೆ, ಮೈಮುಟ್ಟುವ ಕೃತ್ಯ, ಅಥವಾ ಮಗು ಬದುಕೇ ಬೇಡ ಎನ್ನುವ ಮಾತು. ಇವುಗಳಲ್ಲಿ ಯಾವುದೇ ಇದ್ದರೂ ಅದು ವಿದ್ಯಾರ್ಥಿ ನಾಯಕರ ಕೈಯಲ್ಲಿ ಒಂದು ಗಂಟೆಯೂ ಉಳಿಯಬಾರದು, ನೇರವಾಗಿ ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ತಲುಪಬೇಕು. ಲೈಂಗಿಕ ಸ್ವರೂಪದ್ದಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದ ದೊಡ್ಡವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಮಗು ತಾನೇ ಕರೆ ಮಾಡಬಹುದು, ಅದಕ್ಕೆ ಹಣ ತಗಲುವುದಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಅಣಕಿಸುವವರು ಶಿಕ್ಷಕರೇ ಆಗಿದ್ದರೆ ಯಾವ ವಿದ್ಯಾರ್ಥಿಯ ಭಾಷಣವೂ ಫಲಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಏನೋ, ಎಲ್ಲಿಂದ ಬಂತೋ ಈ ಭಾಷೆ?’ ಎಂದು ತರಗತಿಯಲ್ಲಿ ನಗೆ ಹುಟ್ಟಿಸುವ ಶಿಕ್ಷಕರು ಅದನ್ನು ಕಿರುಕುಳವೆಂದು ಭಾವಿಸಿರಲಿಕ್ಕಿಲ್ಲ. ಮಕ್ಕಳು ಮಾತ್ರ ಅದನ್ನು ಅನುಮತಿಯೆಂದೇ ತಿಳಿಯುತ್ತಾರೆ.

ಭಾಷಣದಿಂದ ಪ್ರಯೋಜನವಾಯಿತು ಎಂದು ತಿಳಿಯುವುದು ಹೇಗೆ?

ಚಪ್ಪಾಳೆಯಿಂದ ತಿಳಿಯುವುದಿಲ್ಲ. ಮೊದಲ ಭಾಷಣಕ್ಕೆ ಎರಡನೆಯದಕ್ಕಿಂತ ಜೋರಾದ ಚಪ್ಪಾಳೆ ಬಿದ್ದಿತ್ತು. ಎರಡನೆಯದರ ನಂತರದ ಹದಿನೈದು ದಿನಗಳಲ್ಲಿ ಶಿಕ್ಷಕರ ಬಳಿ ಬಂದು ಹೇಳುವ ಮಕ್ಕಳ ಸಂಖ್ಯೆ ಹೆಚ್ಚಾಯಿತು. ಕೆಲವು ಸಹೋದ್ಯೋಗಿಗಳು ಇದರಿಂದ ಕಾಟ ಹೆಚ್ಚಾಗಿದೆ ಎಂದು ಗಾಬರಿಗೊಂಡರು. ಹೆಚ್ಚಾದದ್ದು ಹೇಳುವ ಧೈರ್ಯ. ಬಂದವರಲ್ಲಿ ಅರ್ಧದಷ್ಟು ಮಕ್ಕಳು ತಮಗಾದದ್ದನ್ನಲ್ಲ, ತಾವು ಕಂಡದ್ದನ್ನು ಹೇಳಲು ಬಂದಿದ್ದರು.

ನಾವು ನೋಡಿದ್ದು ಮುಖ್ಯವಾಗಿ ಮೂರನ್ನು: ಆ ಹೊಸ ಹುಡುಗ ಬಿಡುವಿನಲ್ಲಿ ಎಲ್ಲಿ ಕೂರುತ್ತಾನೆ, ತರಗತಿಯಲ್ಲಿ ಬಾಯಿ ತೆರೆಯುತ್ತಾನೆಯೇ, ಡಬ್ಬಿ ತರುತ್ತಾನೆಯೇ. ತರಗತಿಯ ಉತ್ತರಗಳು ಮೊದಲು ಮರಳಿದವು. ಡಬ್ಬಿಗೆ ಇನ್ನೂ ಹೆಚ್ಚು ದಿನ ಹಿಡಿಯಿತು. ಆ ಮೂವರಲ್ಲಿ ಒಬ್ಬ ಬದಲಾಗಲಿಲ್ಲ. ಅವನ ಮನೆಯ ಪರಿಸ್ಥಿತಿ ಬೇರೆಯಿತ್ತು, ಅವನಿಗಾಗಿ ತರಗತಿ ಶಿಕ್ಷಕರು ವರ್ಷದ ಕೊನೆಯವರೆಗೂ ಬೇರೆಯಾಗಿ ಶ್ರಮಿಸಿದರು. ಆದರೆ ಅವನು ಅಣಕಿಸಿದಾಗ ಸುತ್ತಲಿನವರು ನಗುವುದು ಕಡಿಮೆಯಾಗಿತ್ತು. ಗಣೇಶ ಚತುರ್ಥಿಯ ರಜೆಯ ನಂತರ ಒಂದು ದಿನ, ‘ನನಗೂ ಅದು ಇಷ್ಟವಿಲ್ಲ ಸರ್’ ಎಂದಿದ್ದ ಹುಡುಗ ಬಿಡುವಿನಲ್ಲಿ ಆ ಹೊಸಬನ ಪಕ್ಕದಲ್ಲಿ ಕುಳಿತು, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ಅರ್ಧವನ್ನು ತಿನ್ನುತ್ತಿದ್ದುದನ್ನು ನಾನು ಜಗಲಿಯಿಂದ ಕಂಡೆ.